“ಟ್ರೈ ಮಾಡ್ತೀವಿ” ಅನ್ನುವ ಮೊದಲು: ಆಗದ ಡೆಡ್‌ಲೈನ್ ಬಂದಾಗ ಲೆಕ್ಕ ಹಿಡಿದು ಮಾತಾಡುವುದು ಹೇಗೆ

ಮ್ಯಾನೇಜರ್ ಒಂದು ತಾರೀಖು ಹೇಳುತ್ತಾರೆ. ಅದು ಆಗುವ ಮಾತಲ್ಲ ಎಂದು ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಯಾರೋ ಒಬ್ಬರು “ಟ್ರೈ ಮಾಡ್ತೀವಿ” ಅನ್ನುತ್ತಾರೆ. ಮ್ಯಾನೇಜರ್ ಅದನ್ನು ಮೇಲಿನವರಿಗೆ ಹೇಳುವಾಗ “ಟೀಮ್ ಒಪ್ಪಿದೆ” ಎಂದು ಹೇಳುತ್ತಾರೆ, ಮೇಲಿನವರು ಗ್ರಾಹಕರಿಗೆ “ಖಚಿತ” ಎಂದು ಹೇಳುತ್ತಾರೆ. ಮೂರು ವಾರ ಕಳೆದ ಮೇಲೆ ನೀವು “ಆಗಲ್ಲ” ಅಂದರೆ ಅದು ಕೆಲಸದ ಅಂದಾಜಿನ ಪ್ರಶ್ನೆಯಾಗಿ ಉಳಿದಿರುವುದಿಲ್ಲ, ಕೊಟ್ಟ ಮಾತು ತಪ್ಪಿದ ಪ್ರಶ್ನೆಯಾಗಿರುತ್ತದೆ.

ಮೊದಲ ದಿನವೇ “ಆಗಲ್ಲ” ಅಂದರೂ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ “ಆಗಲ್ಲ” ಮತ್ತು ಅವರ “ಆಗಲೇಬೇಕು” ಎರಡೂ ಬಾಯಿಮಾತು. ಬಾಯಿಮಾತಿಗೆ ಬಾಯಿಮಾತು ಎದುರಾದರೆ ದೊಡ್ಡ ಹುದ್ದೆಯವರ ಮಾತು ಗೆಲ್ಲುತ್ತದೆ. ಮಾತು ಬೇರೆ ದಾರಿ ಹಿಡಿಯಬೇಕಾದರೆ ಮೇಜಿನ ಮೇಲೆ ಮೂರು ಅಂಕಿ ಇರಬೇಕು: ಕೆಲಸ ಎಷ್ಟಿದೆ, ಕೈಯಲ್ಲಿ ನಿಜವಾಗಿ ಎಷ್ಟು ದಿನ ಇವೆ, ಹಿಂದೆ ಇಂಥದ್ದೇ ಕೆಲಸಕ್ಕೆ ಎಷ್ಟು ಹಿಡಿದಿತ್ತು. ಇವನ್ನು ಹೇಗೆ ತೆಗೆಯುವುದು, ತೆಗೆದ ಮೇಲೆ ಏನು ಮಾಡುವುದು ಎಂಬುದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ನೋಡೋಣ.

ತಂಡ ಕಲ್ಪನೆಯದು, ಕ್ಯಾಲೆಂಡರ್ ನಿಜದ್ದು. ಬೆಂಗಳೂರಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ತಂಡ. ಮೂವರು ಡೆವಲಪರ್‌ಗಳು, ಒಬ್ಬ ಟೆಸ್ಟರ್, ಜೊತೆಗೆ ಟೀಮ್ ಲೀಡ್ ಆಗಿ ನೀವು. 2025ರ ಸೆಪ್ಟೆಂಬರ್ 1, ಸೋಮವಾರ. ಮ್ಯಾನೇಜರ್ ಬಂದು ಹೇಳುತ್ತಾರೆ: “ಗಿರಾಕಿ ಸಾಮಾನು ವಾಪಸ್ ಕೊಟ್ಟರೆ ಅದನ್ನ ನಿಭಾಯಿಸೋ ಮಾಡ್ಯೂಲ್ ಬೇಕು. ದೊಡ್ಡ ಚೈನ್ ಸ್ಟೋರ್ ಒಂದು ಕೇಳಿದೆ. ಅಕ್ಟೋಬರ್ 10ಕ್ಕೆ ಲೈವ್ ಆಗಬೇಕು. ಆರು ವಾರ ಇದೆಯಲ್ಲ, ಸಾಕು.”

ಹಂತ 1: ಎರಡು ದಿನ ಕೇಳಿ, ತಾರೀಖಿನ ಮೂಲ ಕೇಳಿ

ಆ ಕ್ಷಣಕ್ಕೆ ಹೌದು, ಇಲ್ಲ ಎರಡೂ ಬೇಡ. “ಬುಧವಾರ ಸಂಜೆಯೊಳಗೆ ಏನೇನು ಆಗುತ್ತೆ, ಯಾವಾಗ ಆಗುತ್ತೆ ಅಂತ ಬರೆದು ತರ್ತೀನಿ. ಅಲ್ಲಿವರೆಗೂ ಕಸ್ಟಮರ್‌ಗೆ ತಾರೀಖು ಕನ್ಫರ್ಮ್ ಮಾಡಬೇಡಿ” ಎಂದರೆ ಸಾಕು. ಎರಡು ದಿನ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎರಡು ವಾರ ಕೇಳಿದರೆ ಮುಂದೂಡುತ್ತಿದ್ದೀರಿ ಎಂದು ತಿಳಿಯುತ್ತಾರೆ.

ಅಲ್ಲೇ ಇನ್ನೊಂದು ಪ್ರಶ್ನೆ ಕೇಳಬೇಕು: ಈ ಅಕ್ಟೋಬರ್ 10 ಎಲ್ಲಿಂದ ಬಂತು? ತಾರೀಖುಗಳಲ್ಲಿ ಜಾತಿಗಳಿವೆ. ಸರ್ಕಾರದ ನಿಯಮದಿಂದ ಬಂದದ್ದು ಅಲ್ಲಾಡುವುದಿಲ್ಲ. ಒಪ್ಪಂದದಲ್ಲಿ ಬರೆದದ್ದನ್ನು ಬದಲಿಸಬಹುದು, ಆದರೆ ದುಡ್ಡು ಖರ್ಚಾಗುತ್ತದೆ. ಯಾರೋ ಪ್ರೆಸೆಂಟೇಶನ್‌ನಲ್ಲಿ “ಕ್ಯೂ3” ಎಂದು ಹಾಕಿದ್ದರಿಂದ ಹುಟ್ಟಿದ ತಾರೀಖೂ ಇರುತ್ತದೆ, ಅದನ್ನು ಕೇಳಿದವರಿಗೇ ಯಾಕೆ ಎಂದು ನೆನಪಿರುವುದಿಲ್ಲ. ಯಾವ ಜಾತಿಯದು ಎಂದು ತಿಳಿಯದೆ ಚರ್ಚೆಗೆ ಇಳಿದರೆ, ಅಲ್ಲಾಡದ ತಾರೀಖಿಗೆ ತಲೆ ಚಚ್ಚಿಕೊಳ್ಳುತ್ತೀರಿ, ಇಲ್ಲವೇ ಸುಲಭವಾಗಿ ಸರಿಯುವ ತಾರೀಖಿಗಾಗಿ ತಂಡದ ಭಾನುವಾರಗಳನ್ನು ಕೊಟ್ಟುಬಿಡುತ್ತೀರಿ.

ನಮ್ಮ ಉದಾಹರಣೆಯಲ್ಲಿ ಮ್ಯಾನೇಜರ್ ಉತ್ತರ ಹೀಗಿದೆ: ದೀಪಾವಳಿ ಅಕ್ಟೋಬರ್ 20ಕ್ಕೆ. ಹಬ್ಬದ ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರ್‌ಗಳನ್ನು ಯಾರೂ ಮುಟ್ಟಬಾರದು ಎಂದು ಆ ಚೈನ್ 10ನೇ ತಾರೀಖು ಮುಗಿದ ಮೇಲೆ ಬದಲಾವಣೆಗಳನ್ನು ನಿಲ್ಲಿಸುತ್ತದೆ. ಹಬ್ಬದಲ್ಲಿ ಮಾರಿದ ಸಾಮಾನು ವಾಪಸ್ ಬರುವುದಕ್ಕೆ ಶುರುವಾಗುವಾಗ ಕೌಂಟರ್‌ನಲ್ಲಿ ಅದನ್ನು ತೆಗೆದುಕೊಳ್ಳುವ ವ್ಯವಸ್ಥೆ ಇರಬೇಕು.

ಈ ಒಂದು ಉತ್ತರದಲ್ಲಿ ಎರಡು ಸಂಗತಿ ಸಿಕ್ಕವು. 10ನೇ ತಾರೀಖು ಗಟ್ಟಿ, ಅದರ ಜೊತೆ ಜಗಳ ಬೇಡ. ಆದರೆ ಆ ದಿನಕ್ಕೆ ನಿಜವಾಗಿ ಬೇಕಿರುವುದು ಕೌಂಟರ್‌ನಲ್ಲಿ ವಾಪಸ್ ತೆಗೆದುಕೊಳ್ಳುವ ಕೆಲಸವಷ್ಟೇ. ವರದಿ, ಮಾಲೀಕರ ಆ್ಯಪ್, ಮತ್ತೊಂದು, ಮಗದೊಂದು ಅದೇ ದಿನಕ್ಕೆ ಬೇಕೆಂದು ಯಾರೂ ಹೇಳಿಲ್ಲ, ಪಟ್ಟಿಯ ಜೊತೆ ಬಂದಿವೆ ಅಷ್ಟೇ. ಹೆಚ್ಚಿನ ಕಡೆ ಚರ್ಚೆಯ ಅರ್ಧ ಇಲ್ಲೇ ಮುಗಿಯುತ್ತದೆ.

ಹಂತ 2: ಕೆಲಸವನ್ನು ಬಿಡಿಸಿ ಬರೆಯಿರಿ

“ವಾಪಸಾತಿ ಮಾಡ್ಯೂಲ್” ಎಂಬ ಎರಡು ಪದ ಮ್ಯಾನೇಜರ್ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಒಳಗೆ ಏನಿದೆ ಎಂದು ಕಾಣಿಸುವುದು ನಿಮ್ಮ ಕೆಲಸ. ತಂಡದವರನ್ನು ಕೂರಿಸಿಕೊಂಡು ಬಿಡಿಸಿ. ಪ್ರತಿ ತುಂಡಿಗೂ ಒಂದೇ ಅಂಕಿ ಬರೆಯಬೇಡಿ, ಎರಡು ಬರೆಯಿರಿ: ಎಲ್ಲ ಸರಿಯಾಗಿ ನಡೆದರೆ ಎಷ್ಟು ದಿನ, ಇಂಥ ಕೆಲಸ ಹಿಂದೆ ಜಾರಿದಷ್ಟು ಈಗಲೂ ಜಾರಿದರೆ ಎಷ್ಟು ದಿನ. ಕೆಳಗಿನದು ಒಬ್ಬ ಡೆವಲಪರ್‌ನ ಪೂರ್ತಿ ದಿನಗಳ ಲೆಕ್ಕ.

- ಕೌಂಟರ್‌ನಲ್ಲಿ ವಾಪಸಾತಿ ನಮೂದಿಸುವ ಸ್ಕ್ರೀನ್: 6–9
- ವಾಪಸಾತಿಗೆ ಕೊಡುವ ಚೀಟಿ, ಅಂದರೆ ಕ್ರೆಡಿಟ್ ನೋಟ್, ಮತ್ತು ಜಿಎಸ್‌ಟಿ ಲೆಕ್ಕ: 8–12
- ಸ್ಟಾಕ್ ಹೊಂದಿಸುವುದು: 6–10
- ಯುಪಿಐ, ಕಾರ್ಡ್‌ಗೆ ಹಣ ತಾನೇ ವಾಪಸ್ ಹೋಗುವುದು: 10–18
- ವರದಿಗಳು: 5–8
- ಮಾಲೀಕರ ಮೊಬೈಲ್ ಆ್ಯಪ್‌ನಲ್ಲಿ ತೋರಿಸುವುದು: 9–14
- ಯಾರು ವಾಪಸ್ ತೆಗೆದುಕೊಳ್ಳಬಹುದು ಎಂಬ ಅನುಮತಿಗಳು: 4–6
- ಹಳೆಯ ಬಿಲ್‌ಗಳಿಗೆ ಜೋಡಿಸುವುದು: 6–12

ಕೂಡಿದರೆ ಕಡಿಮೆ ಅಂದರೆ 54 ದಿನ, ಹೆಚ್ಚು ಅಂದರೆ 89.

ಪ್ರತಿ ಅಂತರಕ್ಕೂ ಒಂದು ಕಾರಣ ಕೈಯಲ್ಲಿರಬೇಕು. ಕ್ರೆಡಿಟ್ ನೋಟ್‌ಗೆ ಯಾಕೆ 12 ದಿನ ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. “ಕಾಂಪ್ಲೆಕ್ಸ್ ಇದೆ” ಅಂದರೆ ಕಾರಣ ಹೇಳಿದಂತಾಗಲಿಲ್ಲ. ಹೀಗೆ ಹೇಳಿ: ಗಿರಾಕಿ ಐದು ವಸ್ತು ಕೊಂಡಿದ್ದಾರೆ, ಇಡೀ ಬಿಲ್ಲಿನ ಮೇಲೆ 300 ರೂಪಾಯಿ ರಿಯಾಯಿತಿ ಸಿಕ್ಕಿದೆ, ಈಗ ಎರಡು ವಸ್ತು ಮಾತ್ರ ವಾಪಸ್ ತಂದಿದ್ದಾರೆ. ಆ 300ರಲ್ಲಿ ಎಷ್ಟು ಪಾಲು ಆ ಎರಡಕ್ಕೆ ಸೇರುತ್ತದೆ? ಎರಡಕ್ಕೂ ಜಿಎಸ್‌ಟಿ ದರ ಬೇರೆಯಾಗಿದ್ದರೆ? ಪೈಸೆ ಕೂಡಿಸುವಾಗ ಮೂಲ ಬಿಲ್ಲಿಗೂ ಕ್ರೆಡಿಟ್ ನೋಟ್‌ಗೂ ತಾಳೆಯಾಗದೇ ಹೋದರೆ? ಇಷ್ಟು ಕೇಳಿದ ಮೇಲೆ 12 ದಿನ ಯಾರಿಗೂ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಸ್ಟೋರಿ ಪಾಯಿಂಟ್‌ಗಳನ್ನು ಈ ಕಾಗದದಲ್ಲಿ ತರಬೇಡಿ ಎಂಬುದು ನನ್ನ ಅಭಿಪ್ರಾಯ. ಅದು ತಂಡದೊಳಗಿನ ಅಳತೆ, ಹೊರಗಿನವರಿಗೆ ಅದರಲ್ಲಿ ತಾರೀಖು ಕಾಣುವುದಿಲ್ಲ. ಮ್ಯಾನೇಜರ್ ದಿನಗಳಲ್ಲಿ ಯೋಚಿಸುತ್ತಿದ್ದಾರೆ, ದಿನಗಳಲ್ಲೇ ಉತ್ತರ ಕೊಡಿ.

ಹಂತ 3: ಕೈಯಲ್ಲಿ ನಿಜವಾಗಿ ಎಷ್ಟು ದಿನ ಇವೆ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. “ಆರು ವಾರ, ಮೂವರು ಡೆವಲಪರ್‌ಗಳು” ಅಂದಾಗ ಎಲ್ಲರ ತಲೆಯಲ್ಲೂ 30 ದಿನ, ಮೂರರಿಂದ ಗುಣಿಸಿದರೆ 90 ಎಂಬ ಅಂಕಿ ಓಡುತ್ತದೆ. 90 ಇದ್ದರೆ 54 ದಿನದ ಕೆಲಸಕ್ಕೆ ಕಷ್ಟವೇನು?

ಒಂದೊಂದಾಗಿ ಕಳೆಯೋಣ. ಸೆಪ್ಟೆಂಬರ್ 5 ಈದ್ ಮಿಲಾದ್, ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ಮೂರು ರಜೆ ಹೋದರೆ 27 ದಿನ, ಮೂವರಿಗೆ 81. ದಸರೆಗೆ ಊರಿಗೆ ಹೋಗುವವರೊಬ್ಬರು ನಾಲ್ಕು ದಿನ, ಮನೆಯಲ್ಲಿ ಮದುವೆ ಇರುವವರೊಬ್ಬರು ಎರಡು ದಿನ ರಜೆ ಕೇಳಿ ಆಗಲೇ ಒಪ್ಪಿಗೆ ಪಡೆದಿದ್ದಾರೆ. ಉಳಿದದ್ದು 75.

ಈಗ ಕಣ್ಣಿಗೆ ಬೀಳದ ಕೆಲಸ. ಈ ತಂಡವೇ ಚಾಲ್ತಿಯಲ್ಲಿರುವ ಸಾಫ್ಟ್‌ವೇರ್‌ಗೆ ಸಪೋರ್ಟ್ ಕೊಡುತ್ತದೆ. ಯಾವುದೋ ಅಂಗಡಿಯಲ್ಲಿ ಪ್ರಿಂಟರ್‌ಗೆ ಬಿಲ್ ಹೋಗುತ್ತಿಲ್ಲ, ಇನ್ನೆಲ್ಲೋ ದಿನದ ಲೆಕ್ಕ ತಾಳೆಯಾಗುತ್ತಿಲ್ಲ. ಹಿಂದಿನ ಮೂರು ತಿಂಗಳ ಟಿಕೆಟ್‌ಗಳನ್ನು ತೆಗೆದು ನೋಡಿದರೆ ಡೆವಲಪರ್‌ಗಳ ಸಮಯದಲ್ಲಿ ಐದರಲ್ಲಿ ಒಂದು ಪಾಲು ಇದಕ್ಕೇ ಹೋಗಿದೆ ಎಂದುಕೊಳ್ಳಿ. 75ರಲ್ಲಿ 15 ಹೋಗಿ 60. ಮೀಟಿಂಗ್, ಬೇರೆಯವರ ಕೋಡ್ ರಿವ್ಯೂ, ಹೊಸಬರ ಇಂಟರ್‌ವ್ಯೂ ಎಂದು ಉಳಿದದ್ದರಲ್ಲಿ ಶೇ. 15. ಅಲ್ಲಿಗೆ 51.

ಇನ್ನೊಂದು ಕಳೆಯುವುದಿದೆ. ಕೊನೆಯ ಐದು ದಿನ ಹೊಸದೇನನ್ನೂ ಬರೆಯುವ ಹಾಗಿಲ್ಲ. ಟೆಸ್ಟರ್ ಪೂರ್ತಿ ವ್ಯವಸ್ಥೆಯನ್ನು ಮತ್ತೊಮ್ಮೆ ಪರೀಕ್ಷಿಸುತ್ತಾರೆ, ಸಿಕ್ಕ ದೋಷಗಳನ್ನು ಡೆವಲಪರ್‌ಗಳು ತಿದ್ದುತ್ತಾರೆ, ರಿಲೀಸ್ ಆಗುತ್ತದೆ. ಅದಕ್ಕೆ ಸುಮಾರು 10. ಹೊಸ ಕೆಲಸಕ್ಕೆ ಉಳಿದದ್ದು 41.

90 ಎಂದುಕೊಂಡದ್ದು 41. ಕೆಲಸ, ಎಲ್ಲವೂ ಸರಿಯಾಗಿ ನಡೆದರೂ, 54. ಮಾತುಕತೆಯಲ್ಲಿ ತೂಕ ಇರುವುದು ಈ ಎರಡು ಅಂಕಿಗಳಿಗೆ.

ಇಲ್ಲಿ ಎರಡು ಎಚ್ಚರಿಕೆ. ನಿಮ್ಮನ್ನೂ ಟೆಸ್ಟರ್‌ನ್ನೂ ಸೇರಿಸಿ “ಐದು ಜನ” ಎಂದು ಲೆಕ್ಕ ಹಾಕಲು ಬಿಡಬೇಡಿ. ಟೆಸ್ಟರ್ ದಿನಗಳು ಡೆವಲಪರ್ ದಿನಗಳಿಗೆ ಬದಲಿಯಾಗುವುದಿಲ್ಲ, ಅವರದ್ದು ಬೇರೆ ಸಾಲಿನ ಲೆಕ್ಕ. ಎರಡನೆಯದು, ಕಳೆಯುವ ಪ್ರತಿ ಅಂಕಿಗೂ ದಾಖಲೆ ಇರಬೇಕು. “ಸಪೋರ್ಟ್‌ಗೆ ತುಂಬಾ ಟೈಮ್ ಹೋಗುತ್ತೆ” ಎಂಬುದು ದೂರು. ಮೂರು ತಿಂಗಳ ಟಿಕೆಟ್ ಪಟ್ಟಿ ಸಾಕ್ಷಿ.

ಹಂತ 4: ಹಳೆಯ ದಾಖಲೆ ತೆಗೆಯಿರಿ

ಅಂದಾಜು ಮಾಡುವಾಗ ಮನುಷ್ಯರು ಕೆಲಸ ಸರಾಗವಾಗಿ ನಡೆಯುವುದನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾರೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದ್ದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ಎಂದಾಗ 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಕೆಟ್ಟದ್ದನ್ನೆಲ್ಲ ಊಹಿಸಿಕೊಂಡು ಹೇಳಿದ ಅಂಕಿಯೂ ಸಾಲಲಿಲ್ಲ. ನಿಮ್ಮ ತಂಡದ ಜಾಣರೂ ಇದಕ್ಕೆ ಹೊರತಲ್ಲ. ಹಾಗಾಗಿ ಅಂದಾಜನ್ನು ಇತಿಹಾಸದ ಜೊತೆ ತಾಳೆ ನೋಡಬೇಕು.

ಜಿರಾ ಬಳಸುವ ತಂಡವಾದರೆ ಹಿಂದಿನ ಆರು ತಿಂಗಳಲ್ಲಿ ಮುಗಿದ ಕೆಲಸಗಳನ್ನು ಹೀಗೆ ಹುಡುಕಬಹುದು (`BILL` ಇರುವಲ್ಲಿ ನಿಮ್ಮ ಪ್ರಾಜೆಕ್ಟ್ ಕೀ ಹಾಕಿಕೊಳ್ಳಿ):

```
project = BILL AND resolved >= -180d ORDER BY resolved DESC
```

ಜಿರಾ ಸರಿಯಾಗಿ ತುಂಬದ ತಂಡಗಳೇ ಹೆಚ್ಚು. ಆಗ ಗಿಟ್ ಇತಿಹಾಸದಿಂದ ಒಂದು ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ತಿಳಿಯಬಹುದು:

```
git log --since="2025-03-01" --date=short --pretty="%ad %s"
```

ಇದರಲ್ಲಿ ಬರೆದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾರು ಎಷ್ಟು ಕಮಿಟ್ ಮಾಡಿದರು ಎಂಬ ಪಟ್ಟಿ ಒಮ್ಮೆ ಮ್ಯಾನೇಜರ್ ಕೈಗೆ ಹೋದರೆ ಚರ್ಚೆ ಡೆಡ್‌ಲೈನ್ ಬಿಟ್ಟು ವ್ಯಕ್ತಿಗಳ ಮೇಲೆ ಹೋಗುತ್ತದೆ. ನಿಮಗೆ ಬೇಕಿರುವುದು ತಂಡದ ಇತಿಹಾಸ.

ಹೊಸ ಮಾಡ್ಯೂಲ್‌ಗೆ ಹತ್ತಿರದ ಐದು ಕೆಲಸ ಆರಿಸಿ, ಮೊದಲು ಹೇಳಿದ್ದು ಎಷ್ಟು, ಕೊನೆಗೆ ಹಿಡಿದದ್ದು ಎಷ್ಟು ಎಂದು ಪಕ್ಕಪಕ್ಕ ಬರೆಯಿರಿ. ನಮ್ಮ ತಂಡದ್ದು ಹೀಗಿದೆ ಎನ್ನೋಣ: 20 ಎಂದದ್ದು 31, 12 ಎಂದದ್ದು 15, 15 ಎಂದದ್ದು 22, 8 ಎಂದದ್ದು 9, 25 ಎಂದದ್ದು 38. ಒಟ್ಟು 80 ಎಂದು ಹೇಳಿ 115 ದಿನ ತೆಗೆದುಕೊಂಡಿದ್ದಾರೆ, ಅಂದರೆ ಸುಮಾರು 1.4 ಪಟ್ಟು. ಚೆನ್ನಾಗಿ ಹೋದ ಕೆಲಸವನ್ನೂ ಪಟ್ಟಿಯಲ್ಲಿ ಬಿಟ್ಟಿರುವುದನ್ನು ಗಮನಿಸಿ. ಬರೀ ಕೆಟ್ಟವನ್ನೇ ಆರಿಸಿ ತಂದರೆ ಮ್ಯಾನೇಜರ್‌ಗೆ ನೆನಪಿರುವ ಒಂದೇ ಒಂದು ಒಳ್ಳೆಯ ಉದಾಹರಣೆ ನಿಮ್ಮ ಕಾಗದವನ್ನೆಲ್ಲ ಸುಳ್ಳು ಮಾಡಿಬಿಡುತ್ತದೆ.

54ನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿದರೆ 78 ಆಸುಪಾಸು ಬರುತ್ತದೆ. ಬಿಡಿಸಿ ಬರೆದ 54–89ರ ನಡುವೆಯೇ ಬಿತ್ತು, ಸ್ವಲ್ಪ ಮೇಲಕ್ಕೆ. ಎರಡು ಬೇರೆ ದಾರಿಯಿಂದ ಹೋದರೂ ಒಂದೇ ಜಾಗ ಸಿಕ್ಕಿದೆ, ಇದನ್ನು ನಂಬಬಹುದು.

ಹಂತ 5: ಒಂದೇ ಪುಟ, ಅದರಲ್ಲಿ ಆಯ್ಕೆಗಳು

ಲೆಕ್ಕ ಹೇಳಿ “ಹಾಗಾಗಿ ಆಗಲ್ಲ” ಎಂದು ನಿಲ್ಲಿಸಿದರೆ ನಿಮ್ಮ ತಲೆನೋವನ್ನು ಮ್ಯಾನೇಜರ್ ತಲೆಗೆ ದಾಟಿಸಿದ ಹಾಗಾಯಿತು, ಅಷ್ಟೇ. ಅವರು ತಮ್ಮ ಮೇಲಿನವರ ಹತ್ತಿರ ಹೋಗಿ ಹೇಳಬೇಕು, ಅದಕ್ಕೆ ಬೇಕಾದ ಮಾತನ್ನು ಒದಗಿಸಿ. ಒಂದು ಪುಟದಲ್ಲಿ ಮೇಲಿನ ಅಂಕಿಗಳು, ಕೆಳಗೆ ಮೂರು ದಾರಿ.

ಮೊದಲ ದಾರಿ, ಎಲ್ಲವೂ ಬೇಕು. ಈ ತಂಡ 27 ದಿನದಲ್ಲಿ 51 ಡೆವಲಪರ್ ದಿನದ ಕೆಲಸ ಮಾಡುತ್ತದೆ, ಅಂದರೆ ದಿನಕ್ಕೆ ಸುಮಾರು 1.9. ಇತಿಹಾಸ ಹೇಳುವ 78 ದಿನ, ಕೊನೆಯ ತಿದ್ದುಪಡಿಗೆ 10, ಒಟ್ಟು 88. ಅದಕ್ಕೆ ಸುಮಾರು 46 ಕೆಲಸದ ದಿನ ಬೇಕು. ದೀಪಾವಳಿಯ ಎರಡು ರಜೆ ಬಿಟ್ಟು ಎಣಿಸಿದರೆ ನವೆಂಬರ್ 10. 89ಕ್ಕೆ ಹೋದರೆ ನವೆಂಬರ್ 18. ಹಾಗಾಗಿ “ನವೆಂಬರ್ 10ರಿಂದ 18ರೊಳಗೆ” ಎಂದು ಬರೆಯಿರಿ.

ಎರಡನೆಯ ದಾರಿ, ಅಕ್ಟೋಬರ್ 10 ಗಟ್ಟಿ, ಕೆಲಸ ಕಡಿಮೆ. ಕೌಂಟರ್ ಸ್ಕ್ರೀನ್, ಕ್ರೆಡಿಟ್ ನೋಟ್, ಸ್ಟಾಕ್, ಅನುಮತಿಗಳು ಸೇರಿ 24–37. ವರದಿಯ ಬದಲು ಎಕ್ಸೆಲ್‌ಗೆ ಇಳಿಸಿಕೊಳ್ಳುವ ಒಂದು ಬಟನ್, ಎರಡು ದಿನ. ಒಟ್ಟು 26–39, ಇರುವ 41ರೊಳಗೆ ಬಂತು. ಯುಪಿಐ, ಕಾರ್ಡ್ ಹಣವನ್ನು ಅಂಗಡಿಯವರು ಪೇಮೆಂಟ್ ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಿಂದ ಕೈಯಾರೆ ವಾಪಸ್ ಕಳಿಸುತ್ತಾರೆ. ಹಳೆಯ ಬಿಲ್‌ಗಳಿಗೆ ಸದ್ಯಕ್ಕೆ ಬಿಲ್ ಸಂಖ್ಯೆ ಹೊಡೆದು ನಮೂದಿಸುವುದು. ಉಳಿದದ್ದು ಹಬ್ಬ ಕಳೆದ ಮೇಲೆ. ಮುಖ್ಯವಾದ ಪ್ರತಿ ಬಿಟ್ಟ ಕೆಲಸದ ಮುಂದೆ “ಅಲ್ಲಿವರೆಗೆ ಏನು ಮಾಡುವುದು” ಎಂಬುದೂ ಇದೆ, ನೋಡಿ. ಇದಿಲ್ಲದಿದ್ದರೆ ಬಿಟ್ಟದ್ದನ್ನು ಯಾರೂ ಬಿಡಲು ಒಪ್ಪುವುದಿಲ್ಲ.

ಮೂರನೆಯ ದಾರಿ, ಜನ. ಮ್ಯಾನೇಜರ್‌ಗಳಿಗೆ ತಟ್ಟನೆ ಹೊಳೆಯುವುದು ಇದೇ: “ಪಕ್ಕದ ಟೀಮಿಂದ ಇಬ್ಬರನ್ನ ಕೊಡ್ತೀನಿ, ಆಯ್ತಾ?” ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಕಲಿಸುವವರು ಇರುವ ಮೂವರೇ. ಮಾತಾಡಿಕೊಳ್ಳಬೇಕಾದ ಜೋಡಿಗಳೂ ಬೆಳೆಯುತ್ತವೆ, ಮೂವರಿದ್ದಾಗ ಮೂರು ಜೋಡಿ, ಐವರಾದರೆ ಹತ್ತು. ಬ್ರೂಕ್ಸ್ ತಾವೇ ಒಪ್ಪಿದಂತೆ ಅದು ಎಲ್ಲ ಸಂದರ್ಭಕ್ಕೂ ಅಚ್ಚುಕಟ್ಟಾಗಿ ಹೊಂದುವ ನಿಯಮವಲ್ಲ, ಆದರೆ ಆರು ವಾರದ ಕೆಲಸಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಅದರ ಬದಲು ಹೀಗೆ ಕೇಳಿ: ಹೊಸಬರು ಮಾಡ್ಯೂಲ್ ಬರೆಯುವುದು ಬೇಡ, ಆರು ವಾರ ನಮ್ಮ ಸಪೋರ್ಟ್ ಟಿಕೆಟ್‌ಗಳನ್ನು ನೋಡಿಕೊಳ್ಳಲಿ. ಅದರಿಂದ ಸುಮಾರು 10 ದಿನ ಮರಳಿ ಸಿಗುತ್ತದೆ, 41 ಇದ್ದದ್ದು 51. ಆಗ ಹಣ ತಾನೇ ವಾಪಸ್ ಹೋಗುವುದನ್ನೂ ಸೇರಿಸಿದರೆ ಕೆಲಸ 36–57. ಆಗಬಹುದು, ಆಗದೆಯೂ ಇರಬಹುದು. ಆ ಅನುಮಾನವನ್ನು ಹಾಗೇ ಬರೆಯಿರಿ.

ನಿಮ್ಮ ಶಿಫಾರಸು ಯಾವುದು ಎಂದು ಕೊನೆಯ ಸಾಲಿನಲ್ಲಿ ಹೇಳಿ. ನಮ್ಮ ಉದಾಹರಣೆಯಲ್ಲಿ ಎರಡನೆಯದು.

ಹಂತ 6: ಮಾತುಕತೆ

ಮ್ಯಾನೇಜರ್ ಒಬ್ಬರೇ ಇದ್ದಾಗ ಮಾತಾಡಿ. ಎಲ್ಲರೆದುರು ತಾರೀಖು ಹೇಳಿದವರಿಗೆ ಎಲ್ಲರೆದುರೇ ಅದನ್ನು ಹಿಂತೆಗೆಯುವುದು ಕಷ್ಟ. ಕಾಗದವನ್ನು ಒಂದು ಗಂಟೆ ಮುಂಚೆಯೇ ಕಳಿಸಿಬಿಡಿ.

ಮೊದಲ ಮಾತು ಅವರಿಗೆ ಬೇಕಾದುದರಿಂದ ಶುರುವಾಗಲಿ: “10ನೇ ತಾರೀಖಿಗೆ ಕೌಂಟರಲ್ಲಿ ರಿಟರ್ನ್ ತಗೊಳ್ಳೋ ಹಾಗೆ ಮಾಡಬಹುದು. ಅದಕ್ಕೆ ಪಟ್ಟಿಯಲ್ಲಿ ನಾಲ್ಕು ಕೆಲಸ ನವೆಂಬರ್‌ಗೆ ಹೋಗಬೇಕಾಗುತ್ತೆ. ಯಾವುದು ಹೋಗಬಹುದು ಅಂತ ನೀವು ಹೇಳಿ.”

ನಂತರ ಬರುವ ಮಾತುಗಳು ಹೆಚ್ಚುಕಡಿಮೆ ಎಲ್ಲ ಆಫೀಸಿನಲ್ಲೂ ಒಂದೇ. “54 ಅಂತೀರಲ್ಲ, 45 ಮಾಡ್ಕೊಳ್ಳಿ” ಅನ್ನುತ್ತಾರೆ. ಅಂದಾಜನ್ನು ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡಿದಂತೆ ಇಳಿಸಲು ಒಪ್ಪಬೇಡಿ. ಒಮ್ಮೆ ಇಳಿಸಿದರೆ ಮೊದಲು ಹೇಳಿದ್ದರಲ್ಲಿ ಗಾಳಿ ತುಂಬಿತ್ತು ಎಂದು ನೀವೇ ಒಪ್ಪಿಕೊಂಡಂತೆ, ಮುಂದಿನ ಸಲದಿಂದ ಎಲ್ಲ ಅಂಕಿಯನ್ನೂ ಕತ್ತರಿಸುತ್ತಾರೆ. “ಅಂಕಿ ಇಳಿಸಿದರೆ ಕೆಲಸ ಇಳಿಯಲ್ಲ. ಈ ಪಟ್ಟಿಯಲ್ಲಿ ಯಾವುದನ್ನ ತೆಗೀಬಹುದು ನೋಡೋಣ, ಆಗ ಅಂಕಿ ತಾನೇ ಇಳಿಯುತ್ತೆ” ಎನ್ನಿ. ತಾರೀಖು, ಕೆಲಸದ ಪಟ್ಟಿ ಮತ್ತು ಜನರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಅಂದಾಜು ಮಾತ್ರ ಬದಲಾಗಬೇಕಾದರೆ ಹೊಸ ಮಾಹಿತಿ ಬೇಕು. ಉದಾಹರಣೆಗೆ, “ರಿಯಾಯಿತಿ ಇರೋ ಬಿಲ್‌ಗೆ ರಿಟರ್ನ್ ಬೇಡ ಅಂತ ಕಸ್ಟಮರ್ ಒಪ್ಪಿದ್ದಾರೆ” ಎಂದು ಮ್ಯಾನೇಜರ್ ಹೇಳಿದರೆ ಕ್ರೆಡಿಟ್ ನೋಟ್ ಕೆಲಸ ನಿಜಕ್ಕೂ ಕಡಿಮೆಯಾಗುತ್ತದೆ, ಆಗ ಇಳಿಸಿ.

“ಶನಿವಾರ ಬಂದು ಅಡ್ಜಸ್ಟ್ ಮಾಡ್ಕೊಳ್ಳೋಣ” ಎಂಬುದು ಇನ್ನೊಂದು. ಒಂದೆರಡು ಶನಿವಾರವನ್ನು ಕೊನೆಯ ವಾರದ ತುರ್ತಿಗೆ ಇಟ್ಟುಕೊಳ್ಳುವುದು ಬೇರೆ, ಮೊದಲ ದಿನವೇ ಆರೂ ಶನಿವಾರಗಳನ್ನು ಲೆಕ್ಕಕ್ಕೆ ಸೇರಿಸುವುದು ಬೇರೆ. ಸೇರಿಸಿಬಿಟ್ಟರೆ ಏನಾದರೂ ಜಾರಿದಾಗ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಹೀಗೇ ಹೇಳಿ, ದಣಿವಿನ ಮಾತು ತೆಗೆಯಬೇಕಾಗಿಲ್ಲ.

“ಇದು ನನ್ನ ಕೈಯಲ್ಲಿಲ್ಲ, ಮೇಲಿಂದ ಬಂದಿದೆ” ಅಂದರೆ ಅದು ನಿಜವೇ ಇರಬಹುದು. ಆಗ ಅವರನ್ನು ಒಪ್ಪಿಸಲು ಹೆಣಗಬೇಡಿ. “ಈ ಪುಟವನ್ನ ಮೇಲಕ್ಕೆ ಕಳಿಸೋಣ, ಬೇಕಾದರೆ ನಾನೂ ಕಾಲ್‌ಗೆ ಬರ್ತೀನಿ” ಎನ್ನಿ. ಕಾಗದ ಒಂದೇ ಪುಟ ಇರಬೇಕು ಎಂದದ್ದು ಇದಕ್ಕೇ. ಅದು ನೀವಿಲ್ಲದ ಮೀಟಿಂಗಿಗೆ ಹೋಗುತ್ತದೆ.

ಹಂತ 7: ಅಂದೇ ಬರೆದು ಕಳಿಸಿ

ಒಪ್ಪಿಗೆ ಆದ ದಿನವೇ ನಾಲ್ಕು ಸಾಲಿನ ಮೇಲ್ ಹೋಗಬೇಕು:

“ಇಂದು ಮಾತಾಡಿದಂತೆ, ಅಕ್ಟೋಬರ್ 10ಕ್ಕೆ ಕೌಂಟರ್ ಸ್ಕ್ರೀನ್, ಕ್ರೆಡಿಟ್ ನೋಟ್, ಸ್ಟಾಕ್, ಅನುಮತಿ ಮತ್ತು ಎಕ್ಸೆಲ್ ಡೌನ್‌ಲೋಡ್ ಲೈವ್ ಆಗುತ್ತವೆ. ಹಣ ತಾನೇ ವಾಪಸ್ ಹೋಗುವುದು, ವರದಿಗಳು, ಮಾಲೀಕರ ಆ್ಯಪ್, ಹಳೆಯ ಬಿಲ್ ಜೋಡಣೆ ನವೆಂಬರ್‌ಗೆ. ಸಪೋರ್ಟ್ ಕೆಲಸ ಈಗಿನಷ್ಟೇ ಇರುತ್ತದೆ, ಹೊಸ ಕೆಲಸ ಸೇರುವುದಿಲ್ಲ ಎಂಬ ಲೆಕ್ಕದ ಮೇಲೆ ಇದು ನಿಂತಿದೆ. ಇದರಲ್ಲಿ ಯಾವುದಾದರೂ ಬದಲಾದರೆ ಅದೇ ದಿನ ತಿಳಿಸುತ್ತೇನೆ.”

ಮೂರನೆಯ ವಾಕ್ಯವೇ ಮುಖ್ಯ. ಮ್ಯಾನೇಜರ್ ಯಾವ ದಾರಿಗೂ ಒಪ್ಪದೆ “ಎಲ್ಲವೂ 10ಕ್ಕೇ ಬೇಕು” ಎಂದು ಹಟ ಹಿಡಿದರೂ ಮೇಲ್ ಕಳಿಸಿ, ಆದರೆ ಅದರಲ್ಲಿ ನೀವು ಯಾವ ಕ್ರಮದಲ್ಲಿ ಕೆಲಸ ಮಾಡುತ್ತೀರಿ ಎಂದು ಬರೆಯಿರಿ: ಮೊದಲು ಕೌಂಟರ್, ಆಮೇಲೆ ಕ್ರೆಡಿಟ್ ನೋಟ್, ಆಮೇಲೆ ಸ್ಟಾಕ್. 10ನೇ ತಾರೀಖು ಬಂದಾಗ ಎಂಟೂ ಕೆಲಸ ಅರ್ಧರ್ಧ ಆಗಿರುವುದಕ್ಕಿಂತ ನಾಲ್ಕು ಪೂರ್ತಿ ಆಗಿರುವುದು ಅವರಿಗೂ ಬೇಕು. ಈ ಕ್ರಮಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಹಂತ 8: ಲೆಕ್ಕ ಕೆಟ್ಟಾಗ ಮತ್ತೆ ಅದೇ ಕಾಗದ

2025ರ ಆ ಸೆಪ್ಟೆಂಬರ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರಿಗೆಲ್ಲ ಒಂದು ಅಚ್ಚರಿ ಕಾದಿತ್ತು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಶೇ. 12 ಮತ್ತು ಶೇ. 28ರ ದರಗಳನ್ನು ತೆಗೆದು, ಹೆಚ್ಚಿನ ಸಾಮಾನುಗಳನ್ನು ಶೇ. 5 ಮತ್ತು ಶೇ. 18ಕ್ಕೆ ತರುವ ತೀರ್ಮಾನ ಮಾಡಿತು, ಸೆಪ್ಟೆಂಬರ್ 22ರಿಂದ ಜಾರಿ. ಅಲ್ಲಾಡದ ತಾರೀಖು ಅಂದರೆ ಇದು. ನಮ್ಮ ತಂಡ ಸಾವಿರಾರು ವಸ್ತುಗಳ ದರ ಬದಲಿಸುವ ವ್ಯವಸ್ಥೆ ಮಾಡಬೇಕು. ಜೊತೆಗೆ 22ಕ್ಕೆ ಮುಂಚೆ ಮಾರಿದ್ದು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ಹಳೆಯ ದರದಲ್ಲೇ ಆಗುವಂತೆ ನೋಡಿಕೊಳ್ಳಬೇಕು. ಎಲ್ಲ ಸೇರಿ 8 ದಿನ ಎಂದುಕೊಳ್ಳಿ.

41 ಇದ್ದದ್ದು 33ಕ್ಕೆ ಇಳಿಯಿತು. ಒಪ್ಪಿಕೊಂಡ ಕೆಲಸ 26–39. ತಂಡದ ಹಳೆಯ ಸ್ವಭಾವ ಗೊತ್ತಿರುವಾಗ ಮೇಲಿನ ಅಂಕಿ ಹೊಂದದಿದ್ದರೆ ಅದು ಜಾರುತ್ತದೆ ಎಂದೇ ಲೆಕ್ಕ. ಇಲ್ಲಿ ಹೆಚ್ಚಿನ ಲೀಡ್‌ಗಳು ಏನೂ ಹೇಳದೆ ನುಂಗಿಕೊಳ್ಳುತ್ತಾರೆ. ಹೇಗಿದ್ದರೂ ಸರ್ಕಾರದ ಕೆಲಸ, ಕೇಳಿ ಏನು ಪ್ರಯೋಜನ ಎಂದು. 8 ದಿನದ ಕೆಲಸ ಬೇಡ ಎನ್ನಲು ಆಗುವುದಿಲ್ಲ ನಿಜ, ಆದರೆ ಅದಕ್ಕೆ ಜಾಗ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಮರುದಿನವೇ ಅದೇ ಪುಟವನ್ನು ಹೊಸ ಅಂಕಿಯೊಂದಿಗೆ ತೆಗೆದುಕೊಂಡು ಹೋಗಿ: “ಜಿಎಸ್‌ಟಿ ಕೆಲಸಕ್ಕೆ 8 ದಿನ. ಅನುಮತಿಗಳ 4–6 ದಿನದ ಕೆಲಸ ತೆಗೆದರೆ ಉಳಿದದ್ದು 22–33, ಸರಿಹೋಗುತ್ತೆ. ಅಲ್ಲಿವರೆಗೂ ರಿಟರ್ನ್ ತಗೊಳ್ಳೋದು ಸ್ಟೋರ್ ಮ್ಯಾನೇಜರ್ ಲಾಗಿನ್‌ನಿಂದ ಮಾತ್ರ.” ಮೊದಲ ಸಲ ಗಂಟೆ ಹಿಡಿದಿದ್ದ ಮಾತು ಈ ಸಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ 41 ಹೇಗೆ ಬಂತು ಎಂಬುದು ಇಬ್ಬರಿಗೂ ಆಗಲೇ ಗೊತ್ತು.

ದೊಡ್ಡ ಸುದ್ದಿ ಬರದಿದ್ದರೂ ಮಧ್ಯದಲ್ಲಿ ಒಂದು ನಿಲುಗಡೆ ಇಟ್ಟುಕೊಳ್ಳಿ. ಸೆಪ್ಟೆಂಬರ್ 19ರ ಶುಕ್ರವಾರಕ್ಕೆ 14 ಕೆಲಸದ ದಿನ ಕಳೆದಿರುತ್ತವೆ, ಹೊಸ ಕೋಡ್ ಬರೆಯಲು ಇರುವ 22ರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಆ ದಿನ ಕ್ರೆಡಿಟ್ ನೋಟ್ ಟೆಸ್ಟರ್ ಕೈಗೆ ಹೋಗಿರಬೇಕು ಎಂದು ಮೊದಲೇ ಬರೆದಿಡಿ. “ಶೇ. 80 ಆಗಿದೆ” ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಟೆಸ್ಟರ್ ಒಂದು ಪೂರ್ತಿ ವಾಪಸಾತಿ ಮಾಡಿ ನೋಡಿದ್ದರೆ ಆಗಿದೆ, ಇಲ್ಲದಿದ್ದರೆ ಆಗಿಲ್ಲ. ಆಗಿಲ್ಲವೆಂದರೆ ಅಂದೇ ಮ್ಯಾನೇಜರ್‌ಗೆ ತಿಳಿಸಿ. ಮೂರು ವಾರ ಮುಂಚೆ ಹೇಳಿದರೆ ಅವರು ಗ್ರಾಹಕರ ಹತ್ತಿರ ಎಕ್ಸೆಲ್ ಬಟನ್ ಬಿಡಿಸಿಕೊಂಡು ಬರಬಹುದು, ಸಪೋರ್ಟ್‌ಗೆ ಒಬ್ಬರನ್ನು ಹುಡುಕಬಹುದು. ಅಕ್ಟೋಬರ್ 8ಕ್ಕೆ ಹೇಳಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ರಿಲೀಸ್ ಆದ ವಾರವೇ ಹಂತ 2ರ ಪಟ್ಟಿ ತೆರೆದು, ಪ್ರತಿ ಸಾಲಿನ ಮುಂದೆ ನಿಜವಾಗಿ ಹಿಡಿದ ದಿನ ಬರೆದಿಡಿ. ನವೆಂಬರ್‌ಗೆ ಹೋದ ಕೆಲಸಗಳಿಗೆ ತಾರೀಖು ಕೇಳುವವರು ದೀಪಾವಳಿ ರಜೆ ಮುಗಿಸಿ ಬರುವಷ್ಟರಲ್ಲಿ ಹಂತ 4ರ ಹಳೆಯ ದಾಖಲೆಗೆ ಹೊಸ ಸಾಲುಗಳು ಸೇರಿರುತ್ತವೆ.